‘ಅಥವಾ’ ಎಂದು ಬರೆದ ಕಾಂಚನಾ

ಕಾಂಚನಾಳಿಗೆ ಹೊಸ ಕೆಲಸ ಸಿಕ್ಕಿತ್ತು, ಆದರೆ ಬಾಯಿಯ ರುಚಿ ಹೋಗಿತ್ತು. ಬನಹಟ್ಟಿಯ ಮಂದಿಗೆ ಇದು ತಿಳಿಯಲಿಲ್ಲ. ಕೆಲಸ ಸಿಕ್ಕವರು ನಗಬೇಕಪ್ಪ, ಇವಳೇನು ಸಪ್ಪಗೆ ಮಾರಿ ಮಾಡಿಕೊಂಡು ಕೂತಾಳೆ ಅಂತ ಮಾತಾಡಿದರು. ಮಂದಿಗೇನು, ಮಾತಾಡಿ ಮನೆಗೆ ಹೋಗುತ್ತಾರೆ.

ಒಂಬತ್ತು ವರ್ಷದಿಂದ ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುತ್ತಿದ್ದವಳು ಅವಳು. ಕಾರ್ಖಾನೆ ಐದು ತಿಂಗಳ ಹಂಗಾಮಿನಲ್ಲಿ ಕಬ್ಬು ನುರಿಸಿ ನಿಂತರೆ ಅವಳ ಪಗಾರವೂ ನಿಲ್ಲುತ್ತಿತ್ತು. ಮುಂದಿನ ಏಳು ತಿಂಗಳು ಗಂಡ ಅರುಣನ ಮಗ್ಗದ ಕೂಲಿಯೇ ಗತಿ. ದಸರಾ ಹತ್ತಿರ ಬಂದರೆ ಮತ್ತೆ ಆಫೀಸಿಗೆ ಹೋಗಿ, “ಈ ಸಲನೂ ಕರೀತೀರೇನ್ರಿ ಸರ್?” ಎಂದು ಹಲ್ಲು ಗಿಂಜಬೇಕು. ಒಂಬತ್ತು ಸಲ ಗಿಂಜಿದ್ದಳು. ಹತ್ತನೆಯ ಸಲ ಗಿಂಜುವುದು ಅವಳಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಅವಳು ಅರ್ಜಿ ಹಾಕಿದ್ದ ಮುಧೋಳ ಕಡೆಯ ಇನ್ನೊಂದು ಕಾರ್ಖಾನೆಯಿಂದ ನೇಮಕಾತಿ ಪತ್ರ ಬಂತು. ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ. ಈಗಿನದಕ್ಕಿಂತ ಆರು ಸಾವಿರ ಹೆಚ್ಚು. ಹುದ್ದೆ ಮಾತ್ರ ‘ಹಂಗಾಮಿ ಲ್ಯಾಬ್ ಕೆಮಿಸ್ಟ್’. ಹೇಳುವುದೇನಾದರೂ ಇದ್ದರೆ ಶನಿವಾರದೊಳಗೆ ಬರೆದು ತಿಳಿಸಿರಿ ಎಂದಿತ್ತು.

ಪತ್ರ ಹಿಡಿದು ಅವಳು ಹೋದದ್ದು ತನ್ನ ಲ್ಯಾಬಿನ ಹಿರಿಯ ಶಿದ್ರಾಮಪ್ಪನ ಹತ್ತಿರ. ಕನ್ನಡಕ ಏರಿಸಿ ಓದಿದವನೇ ಬೆರಳಿಟ್ಟ.

“ಹಂಗಾಮಿ ಅಂದ್ರ ತಾತ್ಕಾಲಿಕ, ತಂಗಿ. ಯಾವಾಗ ಬೇಕಾದ್ರೂ ಬ್ಯಾಡ ಅನ್ನಬಹುದು. ನೀ ‘ಹಂಗಾಮಿನ ಕಾಯಂ’ ಅಂತ ಮಾಡಸ್ಕೋ. ನಾ ಹಂಗ ಅದೀನಿ. ಕಾರ್ಖಾನಿ ಬಂದ್ ಇದ್ದಾಗ ಅರ್ಧ ಮೂಲ ಪಗಾರ ಬರತೈತಿ, ಮುಂದಿನ ಹಂಗಾಮಿಗೆ ಅವರಾಗೇ ಕರೀಬೇಕು.”

“ಪಗಾರನೂ ಒಂದೀಟು ಕೇಳಲೇನ್ರಿ ಕಾಕಾ?”

“ಲೆಕ್ಕ ಹಾಕು. ಮೂರು ಸಾವಿರ ಏರಿಸಿದ್ರ ಐದು ತಿಂಗಳಿಗೆ ಹದಿನೈದು. ಇದರಾಗ ಮೂಲ ಪಗಾರ ಹದಿನಾರು ಐತಿ, ಕಾಯಂ ಆದ್ರ ಅದರ ಅರ್ಧ, ತಿಂಗಳಾ ಎಂಟರಂಗ ಏಳು ತಿಂಗಳಿಗೆ ಐವತ್ತಾರು. ಕಾಯಂ ಒಂದ ಕೇಳು, ಗಟ್ಟಿಯಾಗಿ ಕೇಳು.”

ಇಷ್ಟು ಬಿಡಿಸಿ ಹೇಳಿದ ಮೇಲೆ ಇನ್ನೇನು ಬೇಕಿತ್ತು? ಮನೆಗೆ ಬಂದರೆ ಅರುಣ, “ಇಪ್ಪತ್ತೇಳು ಕೇಳು, ಮಗ್ಗ ಎರಡು ವಾರದಿಂದ ಖಾಲಿ ಐತಿ” ಎಂದು ಗಂಟು ಬಿದ್ದ. ಎರಡನ್ನೂ ಕೇಳಿದರೆ ಆಸೆಬುರುಕಿ ಅನ್ನುತ್ತಾರೇನೋ ಎಂಬ ಸಂಕೋಚ ಅವಳಿಗೆ. ಗಂಡನ ಮಾತೂ ಉಳಿಯಲಿ, ಕಾಕಾನ ಮಾತೂ ಉಳಿಯಲಿ ಎಂದು, ಹಸಿವಿದ್ದರೂ ಬಡಿಸುವವರ ಮುಂದೆ ಕೈ ಅಡ್ಡ ಹಿಡಿಯುವ ನಮ್ಮ ಹೆಣ್ಣುಮಕ್ಕಳ ಹಾಗೆ ಬರೆದಳು: ‘ತಾವು ನೀಡಿದ ಅವಕಾಶಕ್ಕೆ ಧನ್ಯವಾದ. ಒಂಬತ್ತು ಹಂಗಾಮು ಕೆಲಸ ಮಾಡಿದ ಅನುಭವವಿದೆ. ಆದ್ದರಿಂದ ಪಗಾರವನ್ನು ಇಪ್ಪತ್ತೇಳು ಸಾವಿರಕ್ಕೆ ಏರಿಸಬೇಕು, ಅಥವಾ ಹುದ್ದೆಯನ್ನು ಹಂಗಾಮಿನ ಕಾಯಂ ಎಂದು ಮಾಡಬೇಕಾಗಿ ವಿನಂತಿ.’

ನಾಲ್ಕನೆಯ ದಿನ ಉತ್ತರ ಬಂತು. ಪಗಾರ ಇಪ್ಪತ್ತೇಳು ಸಾವಿರ. ಹುದ್ದೆ ಹಂಗಾಮಿ.

ಅಲ್ಲಿನ ಆಫೀಸ್ ಮ್ಯಾನೇಜರ್ ಲಗಮಪ್ಪನಿಗೆ ಕೂಡಲೇ ಫೋನ್ ಹಚ್ಚಿದಳು.

“ಸರ್, ನನಗ ಬೇಕಾಗಿದ್ದು ಕಾಯಂರಿ.”

“ಮೇಡಂ, ‘ಅಥವಾ’ ಅಂತ ನೀವ ಬರದೀರಿ. ಎರಡರಾಗ ಒಂದು ಅಂದ್ರಿ, ಒಂದು ಕೊಟ್ಟೀವಿ. ಮತ್ತೇನಿದ್ರೂ ಬರದು ಕಳಸ್ರಿ, ಮಾಲಕರಿಗೆ ತೋರಸ್ತೀನಿ.”

ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ‘ಏರಿಸಿದ ಮೂರು ಸಾವಿರ ನನಗೆ ಬೇಡ. ಮೊದಲಿನ ಇಪ್ಪತ್ನಾಲ್ಕು ಸಾವಿರಕ್ಕೇ ಬರುತ್ತೇನೆ. ನೇಮಕಾತಿ ಪತ್ರದಲ್ಲಿ ‘ಹಂಗಾಮಿ’ ಎಂಬುದನ್ನು ‘ಹಂಗಾಮಿನ ಕಾಯಂ’ ಎಂದು ತಿದ್ದಿ, ಕಾರ್ಖಾನೆ ನಿಂತ ತಿಂಗಳುಗಳಲ್ಲಿ ಮೂಲ ಪಗಾರದ ಅರ್ಧ ಕೊಡುವುದಾಗಿ ನಮೂದಿಸಬೇಕು.’ ಎಷ್ಟು ಚೆಂದ ಬರೆದಿದ್ದಳು! ಈ ಪತ್ರ ಮೊದಲು ಹೋಗಿದ್ದರೆ ಏನಾಗುತ್ತಿತ್ತೋ, ದೇವರೇ ಬಲ್ಲ.

ಉತ್ತರ ಎರಡೇ ಸಾಲು. ‘ತಮ್ಮ ಕೋರಿಕೆಯಂತೆ ಪಗಾರವನ್ನು ಈಗಾಗಲೇ ಪರಿಷ್ಕರಿಸಲಾಗಿದೆ. ಸೋಮವಾರದೊಳಗೆ ಸಹಿ ಮಾಡಿ ಕಳಿಸದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಲಾಗುವುದು.’

ಬಿಡುವ ಹಾಗಿರಲಿಲ್ಲ. ಇಲ್ಲಿರುವುದೂ ಹಂಗಾಮಿಯೇ, ಅದೂ ಹದಿನೆಂಟು ಸಾವಿರಕ್ಕೆ. ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಸಹಿ ಹಾಕಿದಳು. ಅರುಣ ಖುಷಿಯಾಗಿ ಪೇಢೆ ತರಲು ಹೋದ. ಅತ್ತೆ ಅನಸವ್ವ ಒಳಗಿನಿಂದ ಬಂದವಳು ಸೊಸೆಯ ಮಾರಿ ನೋಡಿ ಅಲ್ಲೇ ನಿಂತಳು.

“ಯಾಕಬೇ ಕಾಂಚನಾ? ಕೇಳಿದ್ದ ಕೊಟ್ಟಾರಂತಲ್ಲ, ಮತ್ಯಾಕ ಅಳಾಕತ್ತಿ?”