ಮೊಮ್ಮಗಳ ಕಾಗದಕ್ಕೆ ಹಚ್ಚಿದ ಅರಿಶಿನ

ನಾನು ಕಾಫಿ ಕುಯ್ದ ತೋಟದಲ್ಲೇ ನನ್ನ ಮೊಮ್ಮಗಳು ರೈಟರ್ ಆಗಿ ಕುರ್ಚಿಯ ಮೇಲೆ ಕೂತವಳು. ಆಳುಗಳ ಹಾಜರಿ ಬರೆಯುವುದು, ಶನಿವಾರ ಬಟವಾಡೆಗೆ ಲೆಕ್ಕ ಹಾಕುವುದು ಅವಳ ಕೆಲಸ. ಅವಳ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡಾಗ ಆ ಕೆಲಸ ಬಿಟ್ಟು ಮನೆಯಲ್ಲಿ ನಿಂತಳು. ತಾಯಿ ಎದ್ದು ಓಡಾಡುವಂತಾದ ಮೇಲೆ ಮತ್ತೆ ಕೆಲಸಕ್ಕೆ ಅಂತ ಅಲ್ಲಿ ಇಲ್ಲಿ ಅರ್ಜಿ ಹಾಕಿದಳು. ತೋಟದಲ್ಲಿ ಅವಳ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ಹಾಸನದ ಕಡೆ ಕಾಫಿ ಬೀಜ ಹಸನು ಮಾಡುವ ಒಂದು ಕಾರ್ಖಾನೆಯವರು ಸೋಮವಾರ ಬಾ ಎಂದು ಕರೆದರು. ಬರುವಾಗ ಹಿಂದಿನ ಮ್ಯಾನೇಜರ್ ಹತ್ತಿರ ಕೆಲಸದ ಬಗ್ಗೆ ಒಂದು ಕಾಗದ ಬರೆಸಿಕೊಂಡು ತರಬೇಕು ಎಂದಿದ್ದರು.

ಶುಕ್ರವಾರ ಮಧ್ಯಾಹ್ನ ಅವಳು ಆ ಕಾಗದ ತಂದಳು. ತೋಟದ ಹೆಸರು ಅಚ್ಚಾದ ಹಾಳೆ, ಮೆಷಿನ್ನಿನಲ್ಲಿ ಹೊಡೆದ ಇಂಗ್ಲಿಷು, ಕೆಳಗಿನ ಮೂಲೆಯಲ್ಲಿ ಮ್ಯಾನೇಜರ ಇಂಕಿನ ಸಹಿ, ಸೀಲು. ಕನ್ನಡದಲ್ಲಿ ಹೇಳೇ ಎಂದು ಹಿಂದೆ ಬಿದ್ದೆ.

"ಇಂಥಾ ಕೆಲಸ ಮಾಡ್ತಿದ್ಲು, ಲೆಕ್ಕ ಚೊಕ್ಕ, ಆಳುಗಳ ಜೊತೆ ನಯವಾಗಿ ನಡ್ಕೊಂಡ್ಲು, ಮನೆ ಕಾರಣಕ್ಕೆ ತಾನಾಗೇ ಬಿಟ್ಲು, ಮತ್ತೆ ನಾನೇ ಬೇಕಾದ್ರೂ ಕೆಲಸಕ್ಕೆ ತಗೋತೀನಿ ಅಂತ ಬರ್ದವ್ರೆ ಕಣಜ್ಜಿ."

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವಳು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಮನೆಗೆ ಬಂದ ಒಳ್ಳೆಯ ಕಾಗದವನ್ನು ಬರಿದಾಗಿ ಇಡುವುದುಂಟೇ? ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಅಂಗೈಯಲ್ಲಿ ನೀರು ಹಾಕಿ ಅರಿಶಿನ ಕಲಸಿ ನಾಲ್ಕು ಮೂಲೆಗೂ ಧಾರಾಳವಾಗಿ ಹಚ್ಚಿ, ಕುಂಕುಮ ಇಟ್ಟು, ದೇವರ ಮುಂದೆ ಇಟ್ಟೆ.

ಅವಳು ಬಂದು ನೋಡಿ ಕಾಗದವನ್ನು ಕೈಗೆತ್ತಿಕೊಂಡಳು. ಒದ್ದೆ ಅರಿಶಿನಕ್ಕೆ ಸಹಿ ಕದಡಿ ನೀಲಿ ಮಡುವಾಗಿತ್ತು. ಸೀಲು ಅಳಿಸಿತ್ತು.

"ಅಜ್ಜಿ, ಇನ್ನೂ ಜೆರಾಕ್ಸೂ ಮಾಡ್ಸಿರ್ಲಿಲ್ಲ. ಏನ್ ಮಾಡ್ಬುಟ್ಟೆ!"

ಬೈದಿದ್ದರೆ ಚೆನ್ನಾಗಿತ್ತು. ಅಷ್ಟೇ ಅಂದು ಕಾಗದವನ್ನು ಬಿಸಿಲಿಗೆ ಒಣಹಾಕಿದಳು.

ಮಾರನೆಯ ಬೆಳಿಗ್ಗೆ ಇನ್ನೊಂದು ಕಾಗದ ಕೇಳಲು ತೋಟಕ್ಕೆ ಹೊರಟವಳ ಜೊತೆ, ಅವಳು ಬೇಡವೆಂದರೂ ನಾನೂ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಹಲಸಿನ ಹಣ್ಣನ್ನೂ ಸೊಂಟಕ್ಕೇರಿಸಿಕೊಂಡೆ. ಮ್ಯಾನೇಜರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು.

"ಮದುವೆ ಯಾವತ್ತಮ್ಮಾ?"

ಪಕ್ಕದ ಮೇಜಿನ ಹೊಸ ರೈಟರ್ ಕಿಸಕ್ಕೆಂದ. ಮೊಮ್ಮಗಳ ಕಿವಿ ಕೆಂಪಾಯಿತು.

"ತಪ್ಪು ನಂದು ಸಾರ್, ಖುಷಿಗೆ ಹಚ್ಬುಟ್ಟೆ" ಎಂದು ಹಣ್ಣನ್ನು ಮೇಜಿನ ಮೇಲೆ ಇಡಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಬೇಡಮ್ಮ. ಹಣ್ಣು ತಗೊಂಡು ಬರೆದುಕೊಟ್ಟ ಅಂತಾದ್ರೆ ಈ ಕಾಗದಕ್ಕೆ ಬೆಲೆ ಇರಲ್ಲ. ಅವಳಿಗೇ ಕೆಟ್ಟ ಹೆಸರು."

ಅಲ್ಲಿಗಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅವರು ಟೈಪ್ ಮೆಷಿನ್ನಿಗೆ ಹೊಸ ಹಾಳೆ ಏರಿಸಿದ್ದೇ ತಡ, ನನ್ನ ಒಳಗಿನದು ಉಕ್ಕಿತು. "ಹೆಂಗೂ ಬರೀತಿದ್ದೀರಲ್ಲ ಸಾರ್, ಒಂದಿನಾನೂ ತಡವಾಗಿ ಬಂದೋಳಲ್ಲ ಅಂತ್ಲೂ ಒಂದ್ಮಾತು ಸೇರ್ಸಿ."

ಮ್ಯಾನೇಜರು ಮೊಮ್ಮಗಳ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಮಳೆಗಾಲದಲ್ಲಿ ಬಸ್ಸು ಕೈಕೊಟ್ಟಾಗ ತಡವಾಗಿ ಬಂದಿದ್ದಾಳೆ. ಅದನ್ನ ನಾನು ಬರೆದಿಲ್ಲ. ಬಂದಿಲ್ಲ ಅಂತಲೂ ಬರೆಯಲ್ಲ. ನಾಳೆ ಆ ಕಾರ್ಖಾನೆಯವರು ಫೋನ್ ಮಾಡಿ ಕೇಳಿದ್ರೆ, ನನ್ನ ಬಾಯಲ್ಲಿರೋದೂ ಕಾಗದದಲ್ಲಿರೋದೂ ಒಂದೇ ಆಗಿರಬೇಕು."

ನಾನು ಕೇಳದಿದ್ದರೆ ಆ ತಡದ ಮಾತು ಆ ಕೋಣೆಯಲ್ಲಿ, ಆ ಹುಡುಗನ ಎದುರು ಬರುತ್ತಲೇ ಇರಲಿಲ್ಲ. ಹಣ್ಣು ಹೊತ್ತುಕೊಂಡು ಬಾಗಿಲಾಚೆ ನಿಂತೆ. ಮೆಷಿನ್ನಿನ ಟಕಟಕ ನನ್ನ ಕೆನ್ನೆಗೇ ಹೊಡೆದಂತಿತ್ತು. ಮೊದಲಿನ ಮಾತುಗಳನ್ನೇ ಬರೆದು, ಸಹಿ ಹಾಕಿ, ಸೀಲು ಒತ್ತಿ, ಲಕೋಟೆಯಲ್ಲಿಟ್ಟು ಅವಳ ಕೈಗೇ ಕೊಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಹಣ್ಣಿನ ವಾಸನೆ ತುಂಬಿಕೊಂಡಿತ್ತು. "ಯಾರ ಮನೇಗೆ ಅಜ್ಜಿ, ಹಣ್ಣು?" ಎಂದು ಕಂಡಕ್ಟರ್ ಕೇಳಿದ.

"ನಮ್ಮನೇಗೇ ಕಣಪ್ಪ" ಎಂದು ಕಿಟಕಿಯ ಕಡೆ ತಿರುಗಿದೆ. ಪಕ್ಕದಲ್ಲಿದ್ದ ಮೊಮ್ಮಗಳು ಮೊದಲ ಸಲ ನಕ್ಕಳು. ನನಗೆ ನಗು ಬರಲಿಲ್ಲ.

ಸೋಮವಾರ ಅವಳು ಹೋದಳು. ಕಾರ್ಖಾನೆಯವರು ಕಾಗದ ಓದಿ, ಅವಳೆದುರೇ ಮ್ಯಾನೇಜರಿಗೆ ಫೋನ್ ಹಚ್ಚಿದರಂತೆ. ಟೈಮಿಗೆ ಬರುತ್ತಾಳಾ ಎಂದೂ ಕೇಳಿದರಂತೆ. ಇತ್ತಲಿಂದ ಏನು ಉತ್ತರ ಹೋಯಿತೋ ಅವಳಿಗೆ ಕೇಳಿಸಲಿಲ್ಲ. ಫೋನಿಟ್ಟವರು, "ಕಾರ್ಖಾನೆ ಹತ್ರಾನೇ ರೂಮು ಮಾಡ್ಕೋತೀಯೇನಮ್ಮ?" ಎಂದು ಕೇಳಿದರಂತೆ. ಹೂಂ ಎಂದಳಂತೆ.

ಕೆಲಸಕ್ಕೆ ತೆಗೆದುಕೊಂಡಿದ್ದೇವೆ ಎಂಬ ಆದೇಶ ಅಂಚೆಯಲ್ಲಿ ಬಂದ ದಿನ ಎರಡೂ ಕೈಯನ್ನು ಸೆರಗಿನೊಳಗೆ ಕಟ್ಟಿಕೊಂಡು ದೂರ ಕೂತೆ. ಅವಳು ಆಲೂರು ಪೇಟೆಗೆ ಹೋಗಿಬಂದು ನನ್ನ ಮುಂದೆ ಒಂದು ಹಾಳೆ ಹಾಸಿದಳು.

"ತಗೋ ಅಜ್ಜಿ, ಇದು ಜೆರಾಕ್ಸು. ಎಷ್ಟ್ ಬೇಕಾದ್ರೂ ಹಚ್ಚು."

ಅರಿಶಿನದ ಬಟ್ಟಲು ತಂದೆ. ನೀರು ಮಾತ್ರ ಹಾಕಲಿಲ್ಲ.