ತಾಟಿನಲ್ಲಿ ಉಳಿದ ಲೇಬಲ್

ಗೆಳತಿಯ ಅಡುಗೆ ವಿಡಿಯೋಗಳು ಶುರುವಾದದ್ದು ಬೈಲಹೊಂಗಲದ ನಮ್ಮ ಅಡುಗೆಮನೆಯಲ್ಲಿ. ಕಾನ್ವೆಂಟಿನಲ್ಲಿ ನಾವು ಒಂದೇ ಬೆಂಚಿನವರು. ಅವಳ ಮನೆಯಲ್ಲಿ ಬೆಳಕು ಸಾಲದು, ನಮ್ಮಲ್ಲಿ ಒಲೆಯ ಪಕ್ಕವೇ ಪೂರ್ವದ ಕಿಟಕಿ. ಅವಳು ಅಡುಗೆ ಮಾಡುತ್ತ ಮಾತಾಡುವಳು, ನಾನು ಮೊಬೈಲು ಹಿಡಿಯುವವಳು, ಆಮೇಲೆ ಎಡಿಟ್ ಮಾಡುವವಳೂ ನಾನೇ.

ಕಂಪನಿಗಳಿಗೆ ಪುಕ್ಕಟೆ ಜಾಹೀರಾತು ಆಗದಂತೆ ಎಣ್ಣೆ ಬಾಟಲಿ, ಇಂಗಿನ ಡಬ್ಬಿಗಳ ಹೆಸರು ಮಸುಕು ಮಾಡುವುದು ಅದರಲ್ಲಿ ದೊಡ್ಡ ಕೆಲಸ. ಲೇಬಲಿನ ಸುತ್ತ ಚೌಕ ಎಳೆದು, ಬಾಟಲಿ ಸರಿದಂತೆ ಮಸುಕೂ ಸರಿಯುವ ಹಾಗೆ ಟ್ರ್ಯಾಕ್ ಹಾಕಬೇಕು. ಕೈ ಅಡ್ಡ ಬಂದರೆ ಮಸುಕು ಬಾಟಲಿಯನ್ನು ಬಿಟ್ಟು ಬಳೆಗಳ ಬೆನ್ನು ಹತ್ತುತ್ತದೆ. ಆಗ ಒಂದೊಂದೇ ಫ್ರೇಮಿಗೆ ಹೋಗಿ ಕೈಯಿಂದಲೇ ಕೂಡಿಸಬೇಕು. ಇದನ್ನೆಲ್ಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ.

ಮುಂದೆ ನಾನು ಗುರೆಳ್ಳು ಚಟ್ನಿ ಮಾಡಿ ಮಾರಬೇಕೆಂದುಕೊಂಡೆ. ಕಾನ್ವೆಂಟಿನ ಸಿಸ್ಟರ್ ತಿದ್ದಿ ಕಲಿಸಿದ ದುಂಡಕ್ಷರದಲ್ಲಿ, ನೀಲಿ ಮಸಿಯಲ್ಲಿ ನಾನೇ ಲೇಬಲ್ ಬರೆದೆ. ಅವಳಿಗೆ ನನಗಿಂತ ಹೆಚ್ಚು ಖುಷಿ.

"ಮಂದೀ ಲೇಬಲ್ ಎಲ್ಲಾ ಮುಚ್ಚೋಣು. ನಿಂದೊಂದ ತೆರದ ಇಡತೇನಿ. ಊರೆಲ್ಲಾ ನೋಡ್ಲಿ."

ಮೊದಲ ಬಾಟಲಿಯನ್ನು ಒರೆಸಿ, ಸ್ಟೀಲ್ ತಾಟಿನ ಅಂಚಿಗೆ ಇಟ್ಟು ಅವಳ ವಿಡಿಯೋ ತೆಗೆದೆ. ಈ ಸಲ ಎಡಿಟ್ ನಾನೇ ಮಾಡುತ್ತೇನೆ, ನೀನು ಚಟ್ನಿ ಕಡೆ ನೋಡು ಅಂದಳು. ಎಷ್ಟು ಕಾಳಜಿ ಅನಿಸಿತು.

ಒಂದು ವಾರದ ಮೇಲೆ ವಿಡಿಯೋ ಕಳಿಸಿದಳು. ಜೊತೆಗೆ ಒಂದು ಸಾಲು: ತಾಟಿನಲ್ಲಿ ಏನೋ ಅಕ್ಷರ ಕಾಣುತ್ತಿವೆ, ತೆಗೆಯುವುದು ಹೇಗೆ ಹೇಳು.

ನೋಡಿದೆ. ಎಣ್ಣೆಯ ಹೆಸರು ಮುಚ್ಚಿತ್ತು, ಇಂಗಿನದು ಮುಚ್ಚಿತ್ತು, ನನ್ನ ಬಾಟಲಿಯದೂ ಮುಚ್ಚಿತ್ತು. ಅವಳ ಕೈ ಎರಡು ಸಲ ಅಡ್ಡ ಬಂದರೂ ಮಸುಕು ಕದಲಿರಲಿಲ್ಲ. ಚಮಚೆಯಲ್ಲಿ ಚಟ್ನಿ ಎತ್ತಿ ನಗುವ ಕಡೆ, ಇದು ನಾನೇ ಮನೆಯಲ್ಲಿ ಕುಟ್ಟಿದ್ದು ಅಂತ ಆಮೇಲೆ ದನಿ ಸೇರಿಸಿದ್ದಳು. ಕೆಳಗೆ ತಾಟಿನ ಹೊಳಪಿನಲ್ಲಿ ಮಾತ್ರ ನನ್ನ ನೀಲಿ ಅಕ್ಷರಗಳು ತಲೆಕೆಳಗಾಗಿ ನಿಂತಿದ್ದವು. ಪ್ರತಿಬಿಂಬಕ್ಕೂ ಬೇರೆ ಮಸುಕು ಬೇಕೆಂದು ನಾನು ಅವಳಿಗೆ ಕಲಿಸಿರಲಿಲ್ಲ.

ಫೋನ್ ಮಾಡಿದೆ. ಎಲ್ಲರದ್ದೂ ಮುಚ್ಚಿ ನಿನ್ನದೊಂದೇ ಬಿಟ್ಟರೆ ಜಾಹೀರಾತು ಅನ್ನುತ್ತಾರೆ ಅಂದಳು.

"ಆತು. ನೀ ಕುಟ್ಟಿದ್ದು ಅಂದೀಯಲ್ಲ, ಅದ್ಯಾಕ?"

ಅತ್ತ ಅವಳು ಮಿಕ್ಸರ್ ನಿಲ್ಲಿಸಿದ್ದು ಕೇಳಿತು.

"ಮಾತಿನ ಭರದಾಗ ಬಂತವ್ವಾ. ಇಷ್ಟಕ್ಕ ಮುಖಾ ಊದಿಸ್ಕೋತಾರೇನ? ತಾಟಿಂದು ಹೇಳ ಮೊದಲ."

ವಿಡಿಯೋದಲ್ಲೇ ಪಕ್ಕದ ಖಾಲಿ ಸ್ಟೀಲಿನ ತುಣುಕನ್ನು ನಕಲು ಮಾಡಿ ಅಕ್ಷರಗಳ ಮೇಲೆ ಅಂಟಿಸಿದರೆ ಮುಗಿಯಿತು. ತಾಟು ಅಲುಗಿರಲಿಲ್ಲ, ಐದು ನಿಮಿಷದ ಕೆಲಸ.

"ನನಗ ಬರತೈತಿ," ಅಂದೆ. "ಆದ್ರ ಹೇಳಾಂಗಿಲ್ಲ."

ಮರುದಿನ ವಿಡಿಯೋ ಹೊರಗೆ ಬಂತು. ಚಿತ್ರದ ಕೆಳಭಾಗವನ್ನೇ ಕತ್ತರಿಸಿ ತಾಟನ್ನು ಹೊರಗೆ ಹಾಕಿದ್ದಳು. ಅವಳ ಮುಖದ ಮೇಲೆ ನಮ್ಮ ಕಿಟಕಿಯ ಬೆಳಕು ಹಾಗೆಯೇ ಇತ್ತು.