ಗೇಟಿನಲ್ಲಿ ನಿಲ್ಲದ ನಾನು

ಅಕ್ಕನನ್ನು ಸ್ವಾಗತಿಸುವ ಕೆಲಸ ನನ್ನದಾಗಿತ್ತು. ನಾನು ಅದನ್ನು ಮಾಡಲಿಲ್ಲ. ಮರೆತದ್ದಲ್ಲ, ಬೇಕೆಂದೇ ತಪ್ಪಿಸಿಕೊಂಡೆ.

ಅಕ್ಕ ಇರುವುದು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಭಾವ ಅಲ್ಲಿನ ಒಂದು ಇಲಾಖೆಯಲ್ಲಿ ಗುಮಾಸ್ತರು. ಕಾಲೋನಿಯ ಸಮುದಾಯ ಭವನದಲ್ಲಿ ಅಕ್ಕ ಭಾನುವಾರಗಳಲ್ಲಿ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅಕ್ಕನ ಹಿಂದೆಯೇ ದೆಹಲಿಗೆ ಬಂದು ಅಡುಗೆ ಕಲಿತೆ. ಈಗ ಇಲ್ಲಿಯ ರೋಹಿಣಿ ಬಡಾವಣೆಯಲ್ಲಿ ಸಣ್ಣ ಮೆಸ್ ನಡೆಸುತ್ತೇನೆ. ನಮ್ಮವರ ಕಾರ್ಯಕ್ರಮಗಳಿಗೆ ಊಟ ನನ್ನದೇ.

ಪ್ರತಿ ವರ್ಷ ಮಕ್ಕಳ ಕಾರ್ಯಕ್ರಮಕ್ಕೆ ಯಾರಾದರೊಬ್ಬ ಅಧಿಕಾರಿ ಮುಖ್ಯ ಅತಿಥಿಯಾಗಿ ಬರುತ್ತಿದ್ದರು. ಅವರನ್ನು ಗೇಟಿನಲ್ಲಿ ಎದುರುಗೊಳ್ಳುವ ತಟ್ಟೆ ಹಿಡಿಯುತ್ತಿದ್ದವಳು ಅಕ್ಕ. ಆ ಕೆಲಸದಲ್ಲಿ ಅವಳದೇ ಒಂದು ಕ್ರಮ. ಶಾಲಿನ ಪ್ಲಾಸ್ಟಿಕ್ ಕವರನ್ನೂ ಬೆಲೆಯ ಚೀಟಿಯನ್ನೂ ಮೊದಲೇ ತೆಗೆದಿಡಬೇಕು. ಹಾರವನ್ನು ಕೊಡವಿ ನೀರು ಉದುರಿಸಬೇಕು, ಇಲ್ಲದಿದ್ದರೆ ಅತಿಥಿಯ ಬಟ್ಟೆ ಒದ್ದೆಯಾಗುತ್ತದೆ. ಮೊದಲು ಕೈಮುಗಿದು ಎರಡು ಮಾತು, ಆಮೇಲೆ ಶಾಲು, ಕೊನೆಗೆ ಹಾರ. ಹಾರ ಮೊದಲು ಹಾಕಿದರೆ ಶಾಲಿನಡಿ ಹೂವೆಲ್ಲ ನಲುಗುತ್ತದೆ. ಫೋಟೊಗಳಲ್ಲಿ ಅವಳ ಕೈ ಮತ್ತು ತಟ್ಟೆ ಇರುತ್ತಿದ್ದವು, ಮುಖ ಇರುತ್ತಿರಲಿಲ್ಲ.

ಈ ಸಲ ಕಾರ್ಯಕ್ರಮದ ಸಮಿತಿಯವರು ಅವಳನ್ನೇ ಮುಖ್ಯ ಅತಿಥಿ ಮಾಡಿದರು.

"ಬೇಡಾಂದೆ ಕಣೋ, ಕೇಳಲಿಲ್ಲ," ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಹಾಗೆನ್ನುತ್ತಲೇ ಯಾವ ಸೀರೆ ಉಡಲಿ ಎಂದು ನನ್ನ ಹೆಂಡತಿಯನ್ನು ಕೇಳಿದಳು.

ಸಮಿತಿಯ ಅಧ್ಯಕ್ಷರು ನನ್ನನ್ನು ಕರೆದು, "ಹೆಂಗಸರಿಗೆ ನಾವು ಗಂಡಸರು ಹಾರ ಹಾಕೋಕೆ ಮುಜುಗರ. ಕೈಗೆ ಕೊಟ್ಟರೆ ಚೆನ್ನಾಗಿರಲ್ಲ. ನೀವು ತಮ್ಮ, ನೀವೇ ಹಾಕಿ. ಅದಕ್ಕೆ ಮುಂಚೆ ಎರಡು ಒಳ್ಳೆ ಮಾತು ಆಡಿಬಿಡಿ," ಎಂದರು.

"ಆಗಲಿ ಸರ್," ಎಂದೆ.

ಕರೋಲ್ ಬಾಗ್‌ಗೆ ಹೋಗಿ ಕೆನೆ ಬಣ್ಣದ, ಜರಿ ಅಂಚಿನ ಶಾಲು ತಂದೆ. ಚೆಂಡುಹೂವು ಗುಲಾಬಿಯ ಹಾರ ಕಟ್ಟಿಸಿದೆ. ಮಾತು ಮಾತ್ರ ಬರಲಿಲ್ಲ. ಮೆಸ್ಸಿನಲ್ಲಿ ಈರುಳ್ಳಿ ಹೆಚ್ಚುತ್ತ "ತಾವು ದಯಮಾಡಿಸಿದ್ದು ನಮ್ಮ ಭಾಗ್ಯ" ಎಂದು ಹೇಳಿ ನೋಡಿದೆ. ಹೆಂಡತಿ ನಕ್ಕಳು.

"ಅಕ್ಕನಿಗೆ ತಾವು ಅಂತೀರಾ? ಅವರೇ ನಗ್ತಾರೆ."

ಅವಳು ತಮಾಷೆಗೆ ಅಂದದ್ದು. ನನಗೆ ಅದು ಮುಳ್ಳಿನಂತೆ ಕೂತಿತು. ಸಮಿತಿಯಲ್ಲಿರುವವರೆಲ್ಲ ಓದಿದವರು. ಅವರ ಮುಂದೆ ನಾಲಿಗೆ ತೊದಲಿದರೆ? ಅಡುಗೆಯವನಿಗೆ ಯಾಕೆ ಬೇಕಿತ್ತು ಎಂದುಕೊಂಡರೆ?

ಆ ಭಾನುವಾರ ಮಕ್ಕಳು ಮುಂದಿನ ಗೇಟಿನಲ್ಲಿ ಎರಡು ಸಾಲಾಗಿ, ಕೈತುಂಬ ಹೂವಿನ ಎಸಳು ಹಿಡಿದು ನಿಂತಿದ್ದರು. ಅಧ್ಯಕ್ಷರು ಮೈಕ್ ಸರಿಪಡಿಸುತ್ತಿದ್ದರು. ನಾನು ಭವನದ ಪಕ್ಕದ ಅಡುಗೆ ಶೆಡ್ಡಿನಲ್ಲಿದ್ದೆ. ಶಾಲು, ಹಾರ, ಕುಂಕುಮದ ತಟ್ಟೆ ಅಲ್ಲೇ ಮೇಜಿನ ಮೇಲಿತ್ತು. ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿದ್ದಾಗ ಕಾಲೋನಿಯ ಆ ತುದಿಯಿಂದ ಆಟೋ ಬಂದು ಪಕ್ಕದ ಬಾಗಿಲ ಬಳಿ ನಿಂತಿತು. ಅಕ್ಕ ಇಳಿದಳು. ನೀಲಿ ರೇಷ್ಮೆ ಸೀರೆ, ತಲೆಯಲ್ಲಿ ಹೂವು. ನೆರಿಗೆ ಸರಿಮಾಡಿಕೊಂಡು ಮುಂದಿನ ಗೇಟಿನ ಕಡೆಗೆ ನಾಲ್ಕು ಹೆಜ್ಜೆ ಇಟ್ಟಳು.

ನಾನು ತಟ್ಟೆ ಹಿಡಿದು ಓಡಬೇಕಿತ್ತು. ಶೆಡ್ಡಿನಿಂದಲೇ ಕೂಗಿದೆ:

"ಅಕ್ಕಾ, ಈ ಕಡೆ ಬಾ. ಚಟ್ನಿಗೆ ಉಪ್ಪು ಸಾಕಾ ನೋಡು."

ಅವಳು ನಿಂತಳು. ಗೇಟಿನ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿ ಬಂದಳು. ಒಳಗೆ ಬಂದವಳ ಕಣ್ಣು ತಟ್ಟೆಯ ಮೇಲೆ ಬಿತ್ತು. ಸೆರಗು ಸಿಕ್ಕಿಸಿ ಚಟ್ನಿಯ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು.

"ಸರಿಯಾಗಿದೆ," ಎಂದಳು. "ಒಗ್ಗರಣೆ ಹಾಕಿಲ್ವಾ?"

ಒಗ್ಗರಣೆಯನ್ನೂ ಅವಳೇ ಹಾಕಿದಳು. ನಾನು ಹಗುರಾದೆ. ಮಾತಾಡುವುದು ತಪ್ಪಿತಲ್ಲ.

ಸ್ವಲ್ಪ ಹೊತ್ತಿಗೆ ಅಧ್ಯಕ್ಷರು ಬಂದರು. "ಅತಿಥಿಗಳು ಎಲ್ರೀ?" ಎಂದವರು ಅಕ್ಕನ ಕೈಯಲ್ಲಿ ಸೌಟು ನೋಡಿ ತಬ್ಬಿಬ್ಬಾದರು. "ಅಯ್ಯೋ ಮೇಡಂ, ಇಲ್ಲೇನು? ಸ್ವಾಗತ ಆಗಲೇ ಇಲ್ವಲ್ಲ?"

"ಮನೆಯವರೇ ಅಲ್ವಾ ಸರ್," ಎಂದೆ ನಾನು.

"ಹೌದು, ನನಗೆ ಯಾಕೆ ಅದೆಲ್ಲ," ಎಂದು ಅಕ್ಕ ಸೌಟು ಕೆಳಗಿಟ್ಟಳು.

ಅವಸರದಲ್ಲಿ ಅಧ್ಯಕ್ಷರು ಹಾರವನ್ನಷ್ಟೇ ಎತ್ತಿಕೊಂಡು ಹೋದರು. ವೇದಿಕೆಯಲ್ಲಿ ಅದನ್ನು ಅಕ್ಕನ ಕೈಗೆ ಕೊಟ್ಟರು. ಹಾರದ ನೀರು ಯಾರೂ ಕೊಡವಿರಲಿಲ್ಲ. ನೀಲಿ ಸೀರೆಯ ಮಡಿಲಲ್ಲಿ ಒದ್ದೆ ಕಲೆಯಾಯಿತು. ಅಕ್ಕ ನಗುತ್ತಲೇ ಮಾತಾಡಿದಳು, ಮಕ್ಕಳ ಹಾಡಿಗೆ ತಾಳ ಹಾಕಿದಳು. ಊಟದ ಹೊತ್ತಿಗೆ ಅವಳ ತರಗತಿಯ ಹುಡುಗಿಯೊಬ್ಬಳು ಅವಳ ಮುಂದೆ ಅಂಗೈ ಬಿಚ್ಚಿದಳು. ಎಸಳುಗಳು ಬೆವರಿಗೆ ಮುದುಡಿದ್ದವು.

"ಟೀಚರ್, ಹಮ್ ತೋ ಗೇಟ್ ಪೇ ಖಡೇ ಥೇ. ಅಲ್ಲೇ ಕಾದ್ವಿ, ನೀವು ಬರಲೇ ಇಲ್ಲ."

"ಬಂದೆ ಕಣೇ, ಪಕ್ಕದ ಬಾಗಿಲಿಂದ," ಎಂದು ಅಕ್ಕ ಆ ಎಸಳುಗಳನ್ನು ತೆಗೆದುಕೊಂಡು ತನ್ನ ಕೈಚೀಲದಲ್ಲಿ ಹಾಕಿಕೊಂಡಳು.

ಹೊರಡುವಾಗ ನಾನು ಶಾಲನ್ನು ಅವಳಿಗೆ ಚಾಚಿದೆ. ಇನ್ನೂ ಮಡಿಕೆಯಲ್ಲೇ ಇತ್ತು.

"ನಿನ್ನ ಹತ್ರಾನೇ ಇರಲಿ. ಮುಂದಿನ ಅತಿಥಿಗೆ ಆಗುತ್ತೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಶಾಲು ನಮ್ಮ ಮನೆಯ ಕಪಾಟಿನಲ್ಲಿ ಕೂತಿತು. ಅದು ಕಂಡಾಗಲೆಲ್ಲ ಅವಳು ಗೇಟಿನ ಕಡೆ ಇಟ್ಟ ಹೆಜ್ಜೆಗಳು ನೆನಪಾಗುತ್ತಿದ್ದವು. ಅಕ್ಕ ಮಾತ್ರ ಎಂದಿನಂತೆ ಫೋನ್ ಮಾಡುತ್ತಿದ್ದಳು, ಚಳಿ ಶುರುವಾಯಿತು ಸ್ವೆಟರ್ ಹಾಕು ಎನ್ನುತ್ತಿದ್ದಳು. ಒಂದು ರಜೆಯ ದಿನ ನಮ್ಮಲ್ಲಿಗೆ ಊಟಕ್ಕೆ ಬರುವುದಾಗಿ ಹೇಳಿದಳು.

ಅಂದು ಬೆಳಿಗ್ಗೆ ಮಾರ್ಕೆಟ್ಟಿನ ಹೂವಿನವನ ಬಳಿ ಹೋದೆ. "ಭಯ್ಯಾ, ಏಕ್ ಮಾಲಾ, ತಾಜಾ ವಾಲಾ," ಎಂದೆ. ಹಾರವನ್ನು ಮನೆಗೆ ತಂದು ಚೆನ್ನಾಗಿ ಕೊಡವಿದೆ. ಶಾಲಿನ ಕವರು ತೆಗೆದೆ, ಬೆಲೆಯ ಚೀಟಿ ಕಿತ್ತೆ. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ನನ್ನ ಜೊತೆ ಕೆಳಗಿಳಿದಳು. ಈ ಸಲ ಅವಳು ನಗಲಿಲ್ಲ. ಫ್ಲ್ಯಾಟಿನ ಗೇಟಿನಲ್ಲಿ ನಿಂತೆವು. ಬಿಸಿಲಿಗೆ ಕುರ್ಚಿ ಹಾಕಿ ಕೂತಿದ್ದ ಕೆಳಮನೆಯ ಹಿರಿಯರು ಯಾರು ಬರುತ್ತಾರೆಂದು ಕೇಳಿದರು:

"ಕೌನ್ ಆ ರಹಾ ಹೈ ಭಾಯಿ, ಮಂತ್ರೀಜಿ?"

"ಮೇರೀ ದೀದಿ," ಎಂದೆ.

"ಅಚ್ಛಾ, ತಬ್ ತೋ ಮಂತ್ರೀ ಸೇ ಊಪರ್," ಎಂದು, ಮಂತ್ರಿಗಿಂತ ದೊಡ್ಡವರೇ ಬರುತ್ತಾರೆಂಬಂತೆ ಅವರೂ ಕುರ್ಚಿಯಿಂದೆದ್ದು ನಿಂತರು.

ಮೆಟ್ರೋ ನಿಲ್ದಾಣದಿಂದ ಅಕ್ಕ ರಿಕ್ಷಾದಲ್ಲಿ ಬಂದಳು. ನಮ್ಮನ್ನು ನೋಡಿ, ಇಳಿಯುವುದನ್ನೂ ಮರೆತು ಕೂತಳು.

"ಏನೋ ಇದು, ಹುಚ್ಚು?"

"ಇಳಿ ಅಕ್ಕ."

ಇಳಿದಳು. ಹೆಂಡತಿ ಕುಂಕುಮ ಇಟ್ಟಳು. ನಾನು ಕೈಮುಗಿದೆ. "ತಾವು" ಎಂದು ಶುರುಮಾಡಿದೆ. ಮುಂದೆ ಬರಲಿಲ್ಲ. ಅಕ್ಕ ಕಾದಳು. ನಾನು ಎರಡನೆಯ ತರಗತಿಯಲ್ಲಿ ಮಗ್ಗಿ ಒಪ್ಪಿಸುವಾಗ ಹೀಗೇ ಕಾಯುತ್ತಿದ್ದಳು, ಹೇಳಿಕೊಡದೆ.

ಶಾಲನ್ನು ಹಿಂದಿನಿಂದ ಎರಡೂ ಹೆಗಲಿಗೆ, ಜರಿ ಅಂಚು ಹೊರಗೆ ಕಾಣುವಂತೆ ಹೊದಿಸಿದೆ. ಮುಡಿಗೆ ಸಿಕ್ಕದಂತೆ ನಿಧಾನವಾಗಿ ಹಾರ ಹಾಕಿದೆ. ಅವಳು ಹಾರವನ್ನು ತಕ್ಷಣ ತೆಗೆಯಲಿಲ್ಲ. ಒಂದು ಗುಲಾಬಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ನೀರು ಕೊಡವಿದೀಯ," ಎಂದಳು.

ಆಗ ಮಾತು ಬಂತು. ಕೆಳಮನೆಯವರಿಗೂ ರಿಕ್ಷಾದವನಿಗೂ ಕೇಳುವಷ್ಟು ಜೋರಾಗಿಯೇ ಬಂತು.

"ಅವತ್ತು ನೀನು ಗೇಟಿಗೇ ಹೊರಟಿದ್ದೆ ಅಕ್ಕ. ನಾನು ನೋಡಿದ್ದೆ. ನಾಲ್ಕು ಜನರ ಮುಂದೆ ಮಾತಾಡೋಕೆ ಹೆದರಿ ನಿನ್ನನ್ನ ಅಡುಗೆ ಕಡೆ ಕರೆದೆ. ನಿನಗೆ ಬರಬೇಕಾದ್ದನ್ನ ನಾನೇ ತಪ್ಪಿಸಿದೆ. ತಪ್ಪಾಯ್ತು, ಕ್ಷಮಿಸು."